ನಿಫ್ಟಿ ಏರಿದರೂ ನನ್ನ ಕಾಲ್ ಯಾಕೆ ಲಾಸ್?

ಪ್ರಶ್ನೆ: ನಿಫ್ಟಿ ಏರುತ್ತೆ ಅನ್ನಿಸಿದಾಗ ಕಡಿಮೆ ಬೆಲೆಯ ಕಾಲ್ ತಗೋತೀನಿ. ಎಷ್ಟೋ ಸಲ ನಿಫ್ಟಿ ಏರಿದ್ರೂ ದುಡ್ಡು ಹೋಗುತ್ತೆ. ಯಾವ ಸ್ಟ್ರೈಕ್ ತಗೋಬೇಕು ಸರ್?

ಉತ್ತರ: ಒಂದು ಲೆಕ್ಕ ಹಾಕೋಣ. ನಿಫ್ಟಿ 25,000ದಲ್ಲಿದೆ, ಎಕ್ಸ್‌ಪೈರಿಗೆ 30 ದಿನ ಇದೆ ಅಂದುಕೊಳ್ಳಿ. ಇಂಪ್ಲೈಡ್ ವೊಲಾಟಿಲಿಟಿ, ಅಂದರೆ ನಿಫ್ಟಿ ಎಷ್ಟು ಏರಿಳಿಯಬಹುದು ಅನ್ನುವ ಮಾರುಕಟ್ಟೆಯ ಅಂದಾಜು, ಶೇ 12ರಷ್ಟಿದ್ದರೆ ಇನ್-ದ-ಮನಿ 24,500 ಕಾಲ್‌ಗೆ ಸುಮಾರು ₹745, ಅಟ್-ದ-ಮನಿ 25,000ಕ್ಕೆ ₹410, ಔಟ್-ಆಫ್-ದ-ಮನಿ 25,500ಕ್ಕೆ ₹190 ಆಗುತ್ತದೆ. ಒಂದು ಲಾಟ್‌ಗೆ ಎಷ್ಟು ಅಂತ ತಿಳಿಯಲು ಲಾಟ್ ಗಾತ್ರದಿಂದ ಗುಣಿಸಿ.

₹190 ಅಗ್ಗ ಅನ್ನಿಸುತ್ತೆ, ಅಲ್ವಾ? ಆದರೆ ಅದರಲ್ಲಿ ಒಂದು ರೂಪಾಯಿಯೂ ಈಗಲೇ ಕೈಯಲ್ಲಿರುವ ಬೆಲೆಯಲ್ಲ. ನಿಫ್ಟಿ ಏರದಿದ್ದರೆ ಪೂರ್ತಿ ಕರಗುತ್ತದೆ. 24,500 ಕಾಲ್‌ನ ₹745ರಲ್ಲಿ ₹500 ನಿಜವಾದ ಬೆಲೆ, ಕಾಲದ ಬೆಲೆ ಬರೀ ₹245. ಸ್ಟ್ರೈಕ್‌ಗೆ ಪ್ರೀಮಿಯಂ, ಅಂದರೆ ಕಾಲ್‌ಗೆ ಕೊಟ್ಟ ಬೆಲೆ, ಕೂಡಿಸಿದರೆ ಬ್ರೇಕ್‌ಈವನ್ ಸಿಗುತ್ತದೆ: 25,245, 25,410 ಮತ್ತು 25,690. ಅಂದರೆ ಅಗ್ಗದ ಕಾಲ್‌ಗೆ ನಿಫ್ಟಿ 690 ಅಂಕ ಏರಲೇಬೇಕು, ದುಬಾರಿ ಕಾಲ್‌ಗೆ 245 ಸಾಕು.

ಎಕ್ಸ್‌ಪೈರಿ ದಿನ ನಿಫ್ಟಿ 25,400ರಲ್ಲಿ ನಿಂತಿತು ಅನ್ನಿ. ನಿಮ್ಮ ಊಹೆ ಸರಿಯಾಗಿತ್ತು, 400 ಅಂಕ ಏರಿದೆ. ಆದರೂ 25,500 ಕಾಲ್ ಸೊನ್ನೆ, ₹190 ಪೂರ್ತಿ ಹೋಯಿತು. 25,000 ಕಾಲ್‌ನಲ್ಲಿ ₹10 ನಷ್ಟ. 24,500 ಕಾಲ್‌ನಲ್ಲಿ ಮಾತ್ರ ₹155 ಲಾಭ. ನಿಮಗೆ ಆಗುತ್ತಿರುವುದು ಬಹುಶಃ ಇದೇ. ನಿಫ್ಟಿ 26,000ಕ್ಕೆ ಹೋಗಿದ್ದರೆ ಚಿತ್ರ ಬೇರೆ: 25,500 ಕಾಲ್ ₹190ಕ್ಕೆ ₹310 ಲಾಭ ಕೊಡುತ್ತಿತ್ತು, 24,500 ಕಾಲ್ ಹೆಚ್ಚುಕಡಿಮೆ ಹಾಕಿದ ಹಣದಷ್ಟೇ ಲಾಭ. ಹಾಗೆಯೇ 24,500ಕ್ಕೆ ಬಿದ್ದರೆ ಅದೇ ₹745 ಪೂರ್ತಿ ಹೋಗುತ್ತದೆ, ಅದನ್ನೂ ಮರೆಯಬೇಡಿ.

ಎಕ್ಸ್‌ಪೈರಿವರೆಗೆ ಕಾಯದೆ ಮಾರುವವರಿಗೆ ಬ್ರೇಕ್‌ಈವನ್‌ಗಿಂತ ಡೆಲ್ಟಾ ಮುಖ್ಯ, ಅಂದರೆ ನಿಫ್ಟಿ ಒಂದು ಅಂಕ ಏರಿದರೆ ಪ್ರೀಮಿಯಂ ಎಷ್ಟು ಏರುತ್ತದೆ ಅನ್ನುವುದು. ಇಲ್ಲಿ ಅದು ಸುಮಾರು 0.78, 0.57, 0.34. ನಾಳೆಯೇ ನಿಫ್ಟಿ 100 ಅಂಕ ಏರಿದರೆ ಪ್ರೀಮಿಯಂ ಹೆಚ್ಚುಕಡಿಮೆ ₹78, ₹57, ₹34 ಏರುತ್ತದೆ. 0.34 ಅಂದರೆ ಲಾಭದ ಸಾಧ್ಯತೆ ಶೇ 34 ಅಂತ ಹಲವರು ಓದಿಕೊಳ್ಳುತ್ತಾರೆ. ಅದು ತಪ್ಪು. ಅದು 25,500 ದಾಟುವ ಸಾಧ್ಯತೆಯ ಅಂದಾಜು ಅಷ್ಟೇ. ಲಾಭಕ್ಕೆ 25,690 ದಾಟಬೇಕು.

ಇನ್ನೊಂದು ತಪ್ಪು ನಾನು ಜಾಸ್ತಿ ನೋಡಿದ್ದೇನೆ. ಹೆಚ್ಚುಕಡಿಮೆ ಒಂದು 24,500 ಕಾಲ್‌ನ ದುಡ್ಡಿಗೆ ನಾಲ್ಕು 25,500 ಕಾಲ್ ಬರುತ್ತೆ ಅಂತ ನಾಲ್ಕನ್ನೂ ತಗೊಳ್ಳುವುದು. ಒಟ್ಟು ಡೆಲ್ಟಾ 1.36 ಆಗುತ್ತದೆ, ಮೇಲೆ ಹೋದರೆ ಬೇಗ ಏರುತ್ತದೆ, ನಿಜ. ಆದರೆ ನಿಫ್ಟಿ 25,500ಕ್ಕೆ ಬಂದು ನಿಂತರೂ ನಾಲ್ಕೂ ಸೊನ್ನೆ.

ಆದ್ದರಿಂದ ಮೊದಲು ಎಷ್ಟು ಅಂಕ, ಎಷ್ಟು ದಿನದಲ್ಲಿ ಅಂತ ಬರೆದಿಡಿ. ನಿಧಾನವಾಗಿ 300-400 ಅಂಕ ಅನ್ನಿಸಿದರೆ ನಾನು ಒಂದೇ ಲಾಟ್ 24,500 ತಗೋತೀನಿ. ಎರಡು-ಮೂರು ದಿನದಲ್ಲೇ ದೊಡ್ಡ ಜಿಗಿತಕ್ಕೆ ಕಾರಣ ಕಂಡರೆ 25,000. ತೀರಾ ಇನ್-ದ-ಮನಿ ಸ್ಟ್ರೈಕ್ ಆರಿಸುವಾಗ ಮಾತ್ರ ಬಿಡ್ ಮತ್ತು ಆಸ್ಕ್ ನಡುವಿನ ಅಂತರ ನೋಡಿ, ಲಿಮಿಟ್ ಆರ್ಡರ್ ಹಾಕಿ. ಅಲ್ಲಿ ಕೊಳ್ಳುವವರು, ಮಾರುವವರು ಕಡಿಮೆ ಇರುತ್ತಾರೆ.