ಮುಂಗಡ ಸಂಬಳವೋ, ವೈಯಕ್ತಿಕ ಸಾಲವೋ?

"ಆಸ್ಪತ್ರೆ ಖರ್ಚಿಗೆ ತಕ್ಷಣ ಒಂದು ತಿಂಗಳ ಸಂಬಳದಷ್ಟು ಹಣ ಬೇಕು. ಕಂಪನಿ ಬಡ್ಡಿಯಿಲ್ಲದೆ ಮುಂಗಡ ಕೊಟ್ಟು ಮೂರು ಕಂತಿನಲ್ಲಿ ಹಿಡಿಯುತ್ತದಂತೆ. ಅದೋ, ಬ್ಯಾಂಕ್ ಸಾಲವೋ?"

ಬಡ್ಡಿಗಿಂತ ಮೊದಲು ಕಂತು ನೋಡಿ. ಮೂರು ತಿಂಗಳು ಸಂಬಳದ ಮೂರನೇ ಒಂದು ಭಾಗ ನಿಮ್ಮ ಕೈಗೇ ಬರುವುದಿಲ್ಲ. ಬಾಡಿಗೆ, ದಿನಸಿ ಕಳೆದು ಅಷ್ಟು ಮಿಗದಿದ್ದರೆ ಎರಡನೇ ತಿಂಗಳೇ ಮತ್ತೆ ಕೈಸಾಲ. ಅದೇ ಮೊತ್ತವನ್ನು ವಾರ್ಷಿಕ ಶೇ 14ರ ಬಡ್ಡಿಗೆ 12 ತಿಂಗಳ ಸಾಲವಾಗಿ ಪಡೆದರೆ ಮಾಸಿಕ ಕಂತು ಸಂಬಳದ ಶೇ 9ರಷ್ಟು. ಒಟ್ಟು ಬಡ್ಡಿ ಪಡೆದ ಮೊತ್ತದ ಸುಮಾರು ಶೇ 8, ಸಂಸ್ಕರಣಾ ಶುಲ್ಕ ಬೇರೆ.

ನಾನಾಗಿದ್ದರೆ ಮುಂಗಡವನ್ನೇ ಆರು ಕಂತಿಗೆ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯುತ್ತಿದ್ದೆ. ಕೆಲಸ ಬದಲಿಸುವ ಯೋಚನೆಯಿದ್ದರೆ ಮಾತ್ರ ಮುಂಗಡ ಬೇಡ: ಬಾಕಿಯನ್ನೆಲ್ಲ ಸಾಮಾನ್ಯವಾಗಿ ಕೊನೆಯ ಲೆಕ್ಕ ಚುಕ್ತಾ ಮಾಡುವಾಗ ಒಂದೇ ಸಲ ಮುರಿದುಕೊಳ್ಳುತ್ತಾರೆ.