ಚಾರ್ಟರ್ ಇಲ್ಲದೆ ಒಂದು ಸೀಸನ್, ಚಾರ್ಟರ್ ಇಟ್ಟುಕೊಂಡು ಒಂದು ಸೀಸನ್

ಪ್ರಶ್ನೆ: ಹುಬ್ಬಳ್ಳಿಯ ಸಣ್ಣ ಕಂಪನಿಯೊಂದರಲ್ಲಿ ಮೊದಲ ಸಲ ಪ್ರಾಜೆಕ್ಟ್ ಲೀಡ್ ಆಗಿದ್ದೀನಿ. ಸಾಹೇಬ್ರು "ಮೊದ್ಲ ಚಾರ್ಟರ್ ಬರ್ಕೊಂಡು ಬಾ" ಅಂದಾರೆ. ಹೆಂಗೂ ಪ್ಲಾನ್ ಮಾಡ್ತೀವಲ್ಲ, ಮತ್ತೆ ಇದ್ಯಾಕೆ? ಅದರಾಗ ಏನೇನು ಬರೀಬೇಕು?

ನಿಮ್ಮ ಸಾಹೇಬರು ತಾವಾಗಿಯೇ ಕೇಳಿದ್ದಾರಲ್ಲ, ಅರ್ಧ ಕೆಲಸ ಆಗಿದೆ. ಚಾರ್ಟರ್ ಅಂದರೆ ಪ್ರಾಜೆಕ್ಟಿಗೆ ದುಡ್ಡು ಕೊಡುವವರು ಸಹಿ ಮಾಡಿ ಕೊಡುವ ಒಪ್ಪಿಗೆ ಪತ್ರ. ನನ್ನ ಮೊದಲ ಪ್ರಾಜೆಕ್ಟಿನಲ್ಲಿ ಅದನ್ನು ಯಾರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಆಗ ನಾನು ಬ್ಯಾಡಗಿ ಕಡೆ ಒಂದು ಕೋಲ್ಡ್ ಸ್ಟೋರೇಜಿನಲ್ಲಿದ್ದೆ. ಒಣಮೆಣಸಿನಕಾಯಿಯ ಬಣ್ಣ ಕೆಡದಿರಲಿ, ರೇಟು ಬಂದಾಗ ಮಾರೋಣ ಅಂತ ವ್ಯಾಪಾರಿಗಳು, ರೈತರು ಚೀಲಗಳನ್ನು ತಂದಿಡುತ್ತಾರೆ. ಯಾರ ಲಾಟ್ ಯಾವ ಕೋಣೆಯಲ್ಲಿ, ಯಾವ ಸಾಲಿನಲ್ಲಿ ಅನ್ನುವುದೆಲ್ಲ ಒಂದು ದಪ್ಪ ರಿಜಿಸ್ಟರಿನಲ್ಲಿ ಮತ್ತು ಸ್ಟೋರ್ ಮ್ಯಾನೇಜರ ತಲೆಯಲ್ಲಿ ಇರುತ್ತಿತ್ತು. ಪ್ರತಿ ಚೀಲಕ್ಕೆ ಬಾರ್‌ಕೋಡ್ ಹಚ್ಚಿ ಲೆಕ್ಕವನ್ನು ಕಂಪ್ಯೂಟರಿಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಮಾಲೀಕರು ಇಬ್ಬರು, ಅಣ್ಣತಮ್ಮಂದಿರು. ಅಣ್ಣಾರು ಹೇಳಿದ್ದು ಇಷ್ಟೇ: "ಮಾಡಿಬಿಡು ತಮ್ಮಾ, ರೊಕ್ಕದ ಚಿಂತಿ ಮಾಡಬ್ಯಾಡ."

ಕೆಲಸ ಶುರುವಾದ ಮೇಲೆ ತೊಡಕುಗಳು ಒಂದರ ಹಿಂದೆ ಒಂದು ಬಂದವು. ಗೇಟಿನ ಗುಮಾಸ್ತನಿಗೆ ಸ್ಕ್ಯಾನರ್ ಕಲಿಸಲು ದಿನಕ್ಕೆ ಎರಡು ತಾಸು ಬೇಕಿತ್ತು. ಮ್ಯಾನೇಜರು "ನಿನ್ನ ಕೆಲಸಕ್ಕ ನನ್ನ ಮಂದೀನ ಯಾಕ ಕೊಡ್ಲಿ?" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಕೊಡಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಮುಂದೆ ಗೋಣಿಚೀಲಕ್ಕೆ ಹಚ್ಚಿದ ಕಾಗದದ ಸ್ಟಿಕ್ಕರ್ ನಿಲ್ಲಲಿಲ್ಲ. ತಣ್ಣಗಿನ ಕೋಣೆಯಿಂದ ಚೀಲ ಹೊರಗೆ ಬಂದರೆ ಮೇಲೆ ತೇವ ಕೂಡುತ್ತದೆ, ಸ್ಟಿಕ್ಕರ್ ಉದುರುತ್ತದೆ. ದಾರದಿಂದ ಕಟ್ಟುವ ಪ್ಲಾಸ್ಟಿಕ್ ಟ್ಯಾಗಿಗೆ 18,000 ರೂಪಾಯಿ ಹೆಚ್ಚಿಗೆ ಬೇಕಾಯಿತು. ಅಣ್ಣಾರು ಮದುವೆಗೆಂದು ಊರಿಗೆ ಹೋಗಿದ್ದರು, ಹತ್ತು ದಿನ ಕಾದೆ. ಅಷ್ಟರಲ್ಲಿ ತಮ್ಮನವರು "ಹೆಂಗೂ ಸಾಫ್ಟ್‌ವೇರ್ ಮಾಡಾಕ್ಹತ್ತೀರಿ, ಮಾಲಿನ ಮ್ಯಾಲೆ ಕೊಡೋ ಸಾಲದ ಲೆಕ್ಕಾನೂ ಅದರಾಗ ಹಾಕ್ರಿ" ಅಂದರು. ಇಲ್ಲ ಅನ್ನುವ ಅಧಿಕಾರ ನನಗೆ ಇದೆಯೋ ಇಲ್ಲವೋ ನನಗೇ ತಿಳಿಯದೆ ಹೂಂ ಅಂದೆ. ಜನವರಿಯಲ್ಲಿ ಆವಕ ಜೋರಾಯಿತು, ನಮ್ಮದು ಅರ್ಧಕ್ಕೇ ನಿಂತಿತ್ತು. ಆ ಸೀಸನ್ ಪೂರ್ತಿ ರಿಜಿಸ್ಟರೇ ಗತಿ.

ನನ್ನ ಹತ್ತಿರ ಪ್ಲಾನ್ ಇರಲಿಲ್ಲ ಅಂತಲ್ಲ, ಎಕ್ಸೆಲ್‌ನಲ್ಲಿ ಚೆಂದಾಗಿಯೇ ಇತ್ತು. ಪ್ಲಾನ್ ಅಂದರೆ ಕೆಲಸ ಹೇಗೆ, ಯಾವಾಗ ಅನ್ನುವುದು. ಅದನ್ನು ನಾವೇ ಬರೆಯುತ್ತೇವೆ, ವಾರಕ್ಕೊಮ್ಮೆ ತಿದ್ದುತ್ತೇವೆ. ಚಾರ್ಟರ್ ಅಂದರೆ ಈ ಕೆಲಸಕ್ಕೆ ಒಪ್ಪಿಗೆ ಇದೆ, ಇಂಥವರು ಇದನ್ನು ನಡೆಸುತ್ತಾರೆ, ಸಂಸ್ಥೆಯ ಜನ ಮತ್ತು ಹಣವನ್ನು ಇಷ್ಟರ ಮಟ್ಟಿಗೆ ಬಳಸಬಹುದು ಅಂತ ದುಡ್ಡು ಕೊಡುವವರು ಸಹಿ ಮಾಡಿ ಹೇಳುವುದು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಕೊಡುವ ವ್ಯಾಖ್ಯೆಯೂ ಹೆಚ್ಚುಕಡಿಮೆ ಇದೇ. ಕರಡನ್ನು ನೀವು ಬರೆಯಬಹುದು, ಬಹಳ ಕಡೆ ನಡೆಯುವುದೂ ಹಾಗೆಯೇ. ಸಹಿ ಮಾತ್ರ ಅವರದಿರಬೇಕು. ನೀವೇ ಬರೆದು ನೀವೇ ಸಹಿ ಮಾಡಿದ ಕಾಗದ ತೋರಿಸಿದರೆ ನನ್ನ ಮ್ಯಾನೇಜರಂಥವರು ಗುಮಾಸ್ತನನ್ನು ಕಳಿಸುವುದಿಲ್ಲ.

ಮರುವರ್ಷ ಅದೇ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಾಗ ಒಂದೂವರೆ ಪುಟ ಬರೆದೆ. ಉದ್ದೇಶಕ್ಕೆ "ಸ್ಟೋರೇಜನ್ನು ಆಧುನೀಕರಿಸುವುದು" ಅಂತ ಬರೆದಿದ್ದನ್ನು ಹೊಡೆದು ಹಾಕಿದೆ, ಅದು ಮುಗಿಯಿತು ಅಂತ ಯಾವತ್ತೂ ಹೇಳಲಾಗದು. ಒಂದು ವಾರ ಗಡಿಯಾರ ಹಿಡಿದು ನಿಂತು ನೋಡಿದರೆ, ವ್ಯಾಪಾರಿ ಕೇಳಿದ ಲಾಟ್ ಸಿಗಲು ಸರಾಸರಿ 40 ನಿಮಿಷ ಹಿಡಿಯುತ್ತಿತ್ತು. ಹಾಗಾಗಿ ಹೀಗೆ ಬರೆದೆ: "ಜನವರಿ 15ರೊಳಗೆ, ಮನಸ್ಸಿಗೆ ಬಂದ 20 ಲಾಟ್ ಕೇಳಿದರೆ, ಕನಿಷ್ಠ 18 ಲಾಟ್ ತಲಾ 10 ನಿಮಿಷದೊಳಗೆ ಸಿಗಬೇಕು." ಪರೀಕ್ಷೆ ಮಾಡುವವರು ನಾನಲ್ಲ, ಸ್ಟೋರ್ ಮ್ಯಾನೇಜರು ಅಂತಲೂ ಸೇರಿಸಿದೆ.

ಏನು ಮಾಡುತ್ತೇವೆ ಅನ್ನುವುದಕ್ಕೆ ಮೂರು ಸಾಲು ಸಾಕಾಯಿತು. ಏನು ಮಾಡುವುದಿಲ್ಲ ಅನ್ನುವುದಕ್ಕೆ ಅದಕ್ಕಿಂತ ಹೆಚ್ಚು ಜಾಗ ಕೊಟ್ಟೆ: ಸಾಲದ ಲೆಕ್ಕ ಇಲ್ಲ, ಬಿಲ್ಲಿಂಗ್ ಇಲ್ಲ, ರೈತರಿಗೆ ಮೆಸೇಜ್ ಕಳಿಸುವುದಿಲ್ಲ, ಹಿಂದಿನ ವರ್ಷ ಉಳಿದ ಮಾಲಿಗೆ ಟ್ಯಾಗ್ ಹಚ್ಚುವುದಿಲ್ಲ. ಹೊಸಬರು ಬಿಡುವುದು ಈ ಭಾಗವನ್ನೇ. ಬರೆದರೆ ಯಾರಿಗಾದರೂ ಬೇಸರವಾದೀತು ಅನ್ನುವ ಅಳುಕು. ಆಗಲಿ ಬಿಡಿ, ಕೆಲಸ ಶುರುವಾಗುವ ಮೊದಲು ಆಗುವ ಬೇಸರಕ್ಕೆ ಒಂದು ಚಹಾ ಸಾಕು.

ಅಧಿಕಾರದ ಭಾಗವನ್ನು ಅಂಕಿಯಲ್ಲಿ ಬರೆಯಿರಿ. ಒಟ್ಟು 4 ಲಕ್ಷದಲ್ಲಿ ಒಂದು ಸಲಕ್ಕೆ 25,000 ರೂಪಾಯಿವರೆಗೆ ನಾನು ಕೇಳದೆ ಖರ್ಚು ಮಾಡಬಹುದು. ನವೆಂಬರಿನಲ್ಲಿ 15 ದಿನ ಒಬ್ಬ ಗುಮಾಸ್ತ, ಇಬ್ಬರು ಹಮಾಲರು ದಿನಕ್ಕೆ ಎರಡು ತಾಸು ನನಗೆ. ಅದಕ್ಕೆ ಮೀರಿದ್ದು ಅಣ್ಣಾರ ಬಳಿ ಹೋಗುತ್ತದೆ, ಎರಡು ದಿನದಲ್ಲಿ ಉತ್ತರ ಕೊಡುತ್ತಾರೆ, ಅವರು ಊರಲ್ಲಿಲ್ಲದಿದ್ದರೆ ತಮ್ಮನವರು ತೀರ್ಮಾನಿಸುತ್ತಾರೆ. ಆದರೆ ಕೆಲಸದ ವ್ಯಾಪ್ತಿ ಬದಲಿಸಲು ಅಣ್ಣಾರ ಸಹಿಯೇ ಬೇಕು. ಪಾಲುದಾರಿಕೆಯ ವ್ಯವಹಾರದಲ್ಲಿ ಈ ಕೊನೆಯ ಸಾಲು ಬಹಳ ಮುಖ್ಯ. ದುಡ್ಡು ಮತ್ತು ಒಪ್ಪಿಗೆ ಕೊಡುವ ಸ್ಪಾನ್ಸರ್ ಇಬ್ಬರೂ ಅಂತ ಬರೆದರೆ ಇಬ್ಬರಿಂದಲೂ ಬೇರೆ ಬೇರೆ ಹುಕುಂ ಬರುತ್ತದೆ. ಈ ಸಾಲು ಬರೆಸಲು ನನಗೆ ಎರಡು ವಾರ ಹಿಡಿಯಿತು, ಉಳಿದ ಪುಟ ಒಂದೇ ದಿನದಲ್ಲಿ ಆಗಿತ್ತು.

ಉಳಿದದ್ದನ್ನು ಚಿಕ್ಕದಾಗಿ ಇಟ್ಟೆ. ನಾಲ್ಕೇ ನಾಲ್ಕು ತಾರೀಖು. ಗೊತ್ತಿದ್ದ ಅಪಾಯ ಒಂದು: ತಂಪು ಹಿಡಿದಿಡುವ, ಉಕ್ಕಿನ ತಗಡಿನ ಪಫ್ ಪ್ಯಾನೆಲ್ ಗೋಡೆ ಇರುವ ಕೋಣೆಯೊಳಗೆ ವೈಫೈ ಸಿಗುವುದಿಲ್ಲ, ಆದ್ದರಿಂದ ಒಳಗೆ ಸ್ಕ್ಯಾನ್ ಮಾಡಿದ್ದು ಸಾಧನದಲ್ಲೇ ಉಳಿದು ಹೊರಗೆ ಬಂದಾಗ ಸರ್ವರ್‌ಗೆ ಹೋಗಬೇಕು. ಇನ್ನೊಂದು ಸಾಲು ನಿಲ್ಲಿಸುವುದರ ಬಗ್ಗೆ: ಡಿಸೆಂಬರ್ 20ಕ್ಕೆ ಒಂದು ಕೋಣೆಯ ಟ್ರಯಲ್ ಸರಿಹೋಗದಿದ್ದರೆ ಈ ಸೀಸನ್ ರಿಜಿಸ್ಟರಿನಲ್ಲೇ ಹೋಗುವುದು, ಹೆಚ್ಚಿನ ಹಣ ಹಾಕುವುದಿಲ್ಲ. ಸಹಿ ಹಾಕುವಾಗ ಅಣ್ಣಾರು ಓದಿ ನಕ್ಕ ಸಾಲು ಇದೊಂದೇ. "ಇಷ್ಟು ದಿನಾ ಇದನ್ನ ಯಾರೂ ನನಗ ಬರ್ದು ಕೊಟ್ಟಿದ್ದಿಲ್ಲ" ಅಂದರು.

ನವೆಂಬರಿನಲ್ಲಿ ಸಾಲದ ಲೆಕ್ಕದ ಮಾತು ಮತ್ತೆ ಬಂತು. ನಾನು ಇಲ್ಲ ಅನ್ನಲಿಲ್ಲ. "ಸೇರಿಸೋಣ ಸರ್, ಮೂರು ವಾರ ಹೆಚ್ಚಿಗೆ ಆಗತೈತಿ, ಜನವರಿ 15 ತಪ್ಪತೈತಿ, ಅಣ್ಣಾರ ಸಹಿ ಬೇಕು" ಅಂದೆ. ತಮ್ಮನವರೇ "ಮುಂದಿನ ವರ್ಷ ನೋಡೋಣ" ಅಂದುಬಿಟ್ಟರು.

ಆದರೂ ಒಂದು ತಪ್ಪಾಯಿತು. ಯಾರ್ಯಾರಿಗೆ ಈ ಕೆಲಸ ತಟ್ಟುತ್ತದೆ ಅನ್ನುವ ಪಟ್ಟಿಯಲ್ಲಿ ಮಾಲೀಕರು, ಮ್ಯಾನೇಜರು, ಅಕೌಂಟೆಂಟ್, ಸಾಫ್ಟ್‌ವೇರ್ ಕೊಟ್ಟವರು ಇದ್ದರು. ಹಮಾಲರ ಮುಖಂಡರು ಇರಲಿಲ್ಲ. ಇಬ್ಬರು ಹಮಾಲರನ್ನು ಎರಡು ತಾಸು ಕೇಳಿದ್ದೇ ಸಾಕು ಅಂದುಕೊಂಡಿದ್ದೆ. ಹಮಾಲರಿಗೆ ಕೂಲಿ ಚೀಲದ ಲೆಕ್ಕದಲ್ಲಿ. ಟ್ಯಾಗ್ ಕಟ್ಟುತ್ತ ನಿಂತರೆ ದಿನಕ್ಕೆ ಎತ್ತುವ ಚೀಲ ಕಡಿಮೆ, ಕೂಲಿಯೂ ಕಡಿಮೆ. ಟ್ರಯಲ್ ದಿನ ಅವರು ಟ್ಯಾಗನ್ನು ಮುಟ್ಟಲಿಲ್ಲ. ಚೀಲಕ್ಕೆ 50 ಪೈಸೆ ಹೆಚ್ಚಿಗೆ ಕೊಡುವುದೆಂದು ಮಾತಾಗುವಷ್ಟರಲ್ಲಿ ಆರು ದಿನ ಹೋಯಿತು. ಡಿಸೆಂಬರ್ 20ಕ್ಕೆ ಮೊದಲು ಹೇಗೋ ಒಂದು ಕೋಣೆ ದಾಟಿಸಿದೆವು.

ನೀವು ಕರಡು ಬರೆದ ಮೇಲೆ, ಸಹಿಗೆ ಒಯ್ಯುವ ಮೊದಲು, ನಿಮ್ಮ ಕೆಲಸದಿಂದ ಯಾರ ಕೂಲಿ, ಯಾರ ಹೊತ್ತು ಕಡಿಮೆಯಾಗುತ್ತದೋ ಅವರ ಎದುರು ಕೂತು ಒಮ್ಮೆ ಓದಿ ಹೇಳಿ. ಓದು ಬಾರದವರಾದರೆ ಅಂಥವರ ಎದುರೇ ಮೊದಲು ಓದಿ. ನಿಮ್ಮದು ಯಾವ ಪ್ರಾಜೆಕ್ಟು ಅಂತ ಹೇಳಿದರೆ "ಏನು ಮಾಡುವುದಿಲ್ಲ" ಪಟ್ಟಿಗೆ ನನಗೆ ತೋಚಿದ್ದನ್ನು ಕಾಮೆಂಟಿನಲ್ಲಿ ಬರೀತೀನಿ.