ಕೊನೆಯ ಸಾಲಿನಲ್ಲಿ 100% ಕಂಡಿತು, ನಂಬಿಬಿಟ್ಟೆ

ಪ್ರಶ್ನೆ: ನಮ್ಮದು ಸಣ್ಣ ಬಟ್ಟೆ ಅಂಗಡಿ. ಎಕ್ಸೆಲ್‌ನಲ್ಲಿ ತಿಂಗಳ ಮಾರಾಟ ಒಂದೇ ಕಾಲಂನಲ್ಲಿ ಇದೆ, ಕೆಳಗೆ ಟೋಟಲ್ ಇದೆ. ಪ್ರತಿ ತಿಂಗಳು ಒಟ್ಟಿನಲ್ಲಿ ಎಷ್ಟು ಪರ್ಸೆಂಟ್, ಹಿಂದಿನ ತಿಂಗಳಿಗಿಂತ ಎಷ್ಟು ಪರ್ಸೆಂಟ್ ಜಾಸ್ತಿ ಕಮ್ಮಿ ಅಂತ ತೆಗೆಯೋ ಫಾರ್ಮುಲಾ ಹೇಳಿ. ಅದನ್ನ ನೋಡಿ ಮುಂದಿನ ವರ್ಷದ ಮಾಲಿಗೆ ಆರ್ಡರ್ ಕೊಡಬೇಕು.

ಉತ್ತರ:

ಆರ್ಡರ್ ಕೊಡೋಕೆ ಮುಂಚೆ ಇದನ್ನ ಪೂರ್ತಿ ಓದಿ. 2019ರ ಏಪ್ರಿಲ್‌ನಲ್ಲಿ ನಾನು ಕೂತಿದ್ದೂ ಇದೇ ಶೀಟ್ ಮುಂದೆ, ದಾವಣಗೆರೆಯಲ್ಲಿ ನಮ್ಮ ಮಾವನ ರೆಡಿಮೇಡ್ ಅಂಗಡಿಯ ಗಲ್ಲಾ ಪಕ್ಕ. A ಕಾಲಂನಲ್ಲಿ ಏಪ್ರಿಲ್‌ನಿಂದ ಮಾರ್ಚ್, B2ರಿಂದ B13ರವರೆಗೆ ಮಾರಾಟ, B14ರಲ್ಲಿ ಟೋಟಲ್. ಶೀಟ್‌ನಲ್ಲಿದ್ದದ್ದು ಆಗಷ್ಟೇ ಮುಗಿದ 2018-19ರ ಲೆಕ್ಕ, ಟೋಟಲ್ 48 ಲಕ್ಷ. ಏಪ್ರಿಲ್ 4.20, ಮೇ 5.10, ಜೂನ್ 3.60, ಅಕ್ಟೋಬರ್ 6.60, ನವೆಂಬರ್ 5.40, ಜನವರಿ ಮತ್ತೆ 3.60, ಮಾರ್ಚ್ 3.00. ಉಳಿದದ್ದು ಈಗ ಬೇಡ.

C2ರಲ್ಲಿ ನಾನು ಟೈಪ್ ಮಾಡಿದ್ದು ಇದು:

```
=B2/SUM(B2:B13)
```

8.75% ಬಂತು. ಕ್ಯಾಲ್ಕುಲೇಟರ್‌ನಲ್ಲಿ 4.20 ಭಾಗಿಸು 48 ಒತ್ತಿ ನೋಡಿದೆ, ಸರಿ ಇತ್ತು. ಖುಷಿಯಲ್ಲಿ ಸೆಲ್‌ನ ಮೂಲೆಯ ಚುಕ್ಕೆ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಕಾಲಂ ಪೂರ್ತಿ ತುಂಬಿಕೊಂಡಿತು. ಒಂದೇ ಒಂದು ಎರರ್ ಇಲ್ಲ. ಕೊನೆಯಲ್ಲಿ, ಟೋಟಲ್ ಸಾಲಿನ ಎದುರಿಗೆ, ನೀಟಾಗಿ 100.00% ಅಂತ ಕೂತಿತ್ತು.

ಮೇ ತಿಂಗಳ ಎದುರಿಗೆ 5.56%, ಮಾರ್ಚ್ ಎದುರಿಗೆ 5.88%. ಅಂದರೆ ಮೇ ತಿಂಗಳು ಮಾರ್ಚ್‌ಗಿಂತ ಡಲ್ ಅಂತ ಓದಿಕೊಂಡೆ. ಪಕ್ಕದಲ್ಲೇ B ಕಾಲಂನಲ್ಲಿ 5.10 ಲಕ್ಷ, 3.00 ಲಕ್ಷ ಅಂತ ಇತ್ತು. ಆದರೂ ಕಣ್ಣು ಪರ್ಸೆಂಟ್ ಮೇಲೇ ಇತ್ತು, ಯಾಕಂದ್ರೆ ಅದನ್ನ ಕಂಡುಹಿಡಿದವನು ನಾನು! ಮಾವ ಮಾತ್ರ ಇಣುಕಿ ನೋಡಿ, "ಮೇ ತಿಂಗಳು ಇಷ್ಟು ಕಮ್ಮಿ ಹೆಂಗಾಗುತ್ತಲೇ? ಮದುವೆ ಸೀಸನ್ನು, ಮೇಲೆ ಸ್ಕೂಲ್ ಯೂನಿಫಾರ್ಮು, ಅಂಗಡೀಲಿ ನಿಲ್ಲೋಕೆ ಜಾಗ ಇರಲ್ಲ" ಅಂದರು. "ನಿಮಗೆ ಹಂಗನ್ನಿಸುತ್ತೆ ಮಾವ, ಲೆಕ್ಕ ಬೇರೆ ಹೇಳ್ತಿದೆ" ಅಂದೆ. ಮೇ ತಿಂಗಳ ಆರ್ಡರ್ ಕತ್ತರಿಸಿದ್ವಿ. 2019ರ ಮೇ ಮಧ್ಯಕ್ಕೆ ರ‍್ಯಾಕ್ ಖಾಲಿ. ಸಪ್ಲೈಯರ್‌ಗೆ ಫೋನ್ ಮಾಡಿದರೆ ಹದಿನೈದು ದಿನ ಅಂದ. ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಆ ತಿಂಗಳ ಮಾರಾಟ 3.40 ಲಕ್ಷಕ್ಕೆ ನಿಂತಿತು.

ಏನಾಗಿತ್ತು ಅಂತ ನಿಧಾನವಾಗಿ ಹೇಳ್ತೀನಿ. ನೀವು ಫಾರ್ಮುಲಾ ಒಂದು ಸಾಲು ಕೆಳಗೆ ಎಳೆದರೆ ಒಳಗಿನ ವಿಳಾಸಗಳೂ ಒಂದೊಂದು ಸಾಲು ಕೆಳಗೆ ಜಾರುತ್ತವೆ. ಮೇಲಿನ B2 ಜಾರಿ B3 ಆಗಬೇಕು, ಅದು ಸರಿ. ಆದರೆ SUM ಒಳಗಿನದ್ದೂ ಜಾರಿತು. C3ರಲ್ಲಿ ಅದು B3:B14 ಆಯ್ತು. ಏಪ್ರಿಲ್ ಹೊರಗೆ ಬಿತ್ತು, B14 ಒಳಗೆ ಬಂತು. B14 ಅಂದರೆ ಟೋಟಲ್! ಹನ್ನೊಂದು ತಿಂಗಳ ಮಾರಾಟಕ್ಕೆ ಇಡೀ ವರ್ಷದ ಟೋಟಲ್ ಸೇರಿ 91.80 ಲಕ್ಷ. 5.10 ಲಕ್ಷವನ್ನ ಅದು 48ರಿಂದ ಭಾಗಿಸುವ ಬದಲು 91.80ರಿಂದ ಭಾಗಿಸಿತ್ತು. ನಿಜವಾದ ಪಾಲು 10.63%, ತೋರಿಸಿದ್ದು 5.56%.

ಇನ್ನೂ ಕೆಳಗೆ ಹೋದಂತೆ ಒಂದೊಂದು ತಿಂಗಳು ಉದುರುತ್ತಾ ಹೋಗುತ್ತೆ, ಆದ್ದರಿಂದ ಭಾಜಕ ಸಣ್ಣದಾಗುತ್ತಾ ಹೋಗುತ್ತೆ. ಮಾರ್ಚ್ ಹೊತ್ತಿಗೆ ಉಳಿದದ್ದು ಮಾರ್ಚ್ ಮತ್ತು ಟೋಟಲ್ ಮಾತ್ರ, 51 ಲಕ್ಷ. ಹಾಗಾಗಿ ಮೇ ತಿಂಗಳ ಪಾಲು ಅರ್ಧದಷ್ಟಾಗಿ ಕಂಡಿತು, ಮಾರ್ಚ್ ಪಾಲು ಹೆಚ್ಚುಕಮ್ಮಿ ಸರಿಯಾಗೇ ಕಂಡಿತು. ಜೂನ್‌ಗೂ ಜನವರಿಗೂ ಒಂದೇ 3.60 ಲಕ್ಷ ಮಾರಾಟ. ಎರಡೂ 7.5% ಆಗಬೇಕಿತ್ತು. ನನ್ನ ಶೀಟ್‌ನಲ್ಲಿ ಜೂನ್ 4.15%, ಜನವರಿ 6.28%. ವ್ಯಾಪಾರ ವರ್ಷದ ಕೊನೆಗೆ ಏರ್ತಾ ಇದೆ ಅನ್ನೋ ಚಿತ್ರವನ್ನ ಆ ಜಾರಿದ ಫಾರ್ಮುಲಾ ತಾನಾಗೇ ಬರೆದುಕೊಟ್ಟಿತ್ತು. ಹನ್ನೆರಡು ತಿಂಗಳೂ ಒಂದೇ ಮಾರಾಟ ಇದ್ದಿದ್ದರೂ ಮೇ ತಿಂಗಳಿನಿಂದ ಆಚೆ ಅದು ಏರಿಕೆಯನ್ನೇ ತೋರಿಸುತ್ತಿತ್ತು.

ಹಾಗಾದ್ರೆ ಕೊನೆಯ 100%? ಅದೇ ನನ್ನನ್ನ ಮುಳುಗಿಸಿದ್ದು. ಡಬಲ್ ಕ್ಲಿಕ್ ಮಾಡಿದಾಗ ಪಕ್ಕದ ಕಾಲಂ ಎಲ್ಲಿವರೆಗೆ ತುಂಬಿದೆಯೋ ಅಲ್ಲಿವರೆಗೂ ಎಕ್ಸೆಲ್ ಎಳೆಯುತ್ತೆ, ಟೋಟಲ್ ಸಾಲನ್ನೂ ಬಿಡಲ್ಲ. C14ರಲ್ಲಿ ಇದ್ದದ್ದು =B14/SUM(B14:B25). B14ರ ಕೆಳಗೆ ಖಾಲಿ. ಅಂದರೆ 48 ಭಾಗಿಸು 48. ಮೇಲಿನ ಹನ್ನೆರಡು ಸಾಲು ಹೇಗೇ ಹಾಳಾಗಿರಲಿ, ಅಲ್ಲಿ 100% ಬಂದೇ ಬರುತ್ತೆ. ಅದು ಮೇಲಿನವುಗಳ ಮೊತ್ತ ಅಂತ ನಾನು ಅಂದುಕೊಂಡಿದ್ದೆ. ಜೂನ್‌ನಲ್ಲಿ ಅನುಮಾನ ಬಂದು ನಿಜವಾಗಿ ಕೂಡಿಸಿ ನೋಡಿದಾಗ ಬಂದದ್ದು 71.6%.

ಸರಿಯಾದದ್ದು ಇದು:

```
=B2/$B$14
```

C2ರಲ್ಲಿ ಹಾಕಿ C13ರವರೆಗೆ ಮಾತ್ರ ಎಳೀರಿ. ಡಾಲರ್ ಚಿಹ್ನೆ ಇದ್ದರೆ ಆ ವಿಳಾಸ ಜಾರಲ್ಲ. ಫಾರ್ಮುಲಾ ಬರೆಯುವಾಗ B14 ಮೇಲೆ ಕರ್ಸರ್ ಇಟ್ಟು F4 ಒತ್ತಿದರೆ ಎರಡೂ ಡಾಲರ್ ತಾನೇ ಬರುತ್ತೆ. ಮೊಬೈಲ್‌ನಲ್ಲಾದರೆ ಕೈಯಲ್ಲೇ ಟೈಪ್ ಮಾಡಿ. ಫಾರ್ಮುಲಾದಲ್ಲಿ 100ರಿಂದ ಗುಣಿಸಬೇಡಿ, ಸೆಲ್‌ಗೆ ಪರ್ಸೆಂಟ್ ಫಾರ್ಮ್ಯಾಟ್ ಕೊಟ್ಟರೆ ಸಾಕು. ಎರಡೂ ಮಾಡಿದರೆ ಏಪ್ರಿಲ್ ಪಾಲು 875% ಆಗುತ್ತೆ. ಆಮೇಲೆ C14ರಲ್ಲಿ, ಎಳೆಯದೆ, ಬೇರೆಯಾಗಿ:

```
=SUM(C2:C13)
```

ಇಲ್ಲಿ 100% ಬಂದರೆ ಮಾತ್ರ ನಂಬಿ. ಇನ್ನೊಂದು ಮಾತು: ನೀವು ಡಾಲರ್ ಮರೆತು =B2/B14 ಅಂತ ಬರೆದು ಎಳೆದಿದ್ದರೆ ಎರಡನೇ ಸಾಲಿನಿಂದಲೇ #DIV/0! ಅಂತ ಕಿರುಚುತ್ತಿತ್ತು, ಯಾಕಂದ್ರೆ B15 ಖಾಲಿ. ಆ ತಪ್ಪು ನನಗಾಗಿದ್ದರೆ ಐದು ನಿಮಿಷದಲ್ಲಿ ಮುಗೀತಿತ್ತು. SUM ಬರೆದು ಜಾಣತನ ತೋರಿಸಿದ್ದಕ್ಕೇ ಎರಡು ತಿಂಗಳು ಗೊತ್ತಾಗಲಿಲ್ಲ.

ಇನ್ನು ಹಿಂದಿನ ತಿಂಗಳಿಗಿಂತ ಏರಿಳಿತ. D2 ಖಾಲಿ ಬಿಡಿ, ಏಪ್ರಿಲ್‌ಗೆ ಹೋಲಿಸಲು ಮೇಲೆ ಏನೂ ಇಲ್ಲ. D3ರಲ್ಲಿ:

```
=(B3-B2)/B2
```

ಇಲ್ಲಿ ಡಾಲರ್ ಹಾಕಲೇಬಾರದು, ಎರಡೂ ಜಾರಬೇಕು. ಬ್ರಾಕೆಟ್ ಬಿಟ್ಟರೆ ಭಾಗಾಕಾರ ಮೊದಲು ಆಗಿ, ಬರೋದು B3ಯಲ್ಲಿ ಒಂದು ಕಮ್ಮಿ ಅಷ್ಟೇ. ಇದನ್ನೂ D13ಕ್ಕೆ ನಿಲ್ಲಿಸಿ. ಟೋಟಲ್ ಸಾಲಿಗೆ ಹರಿದರೆ ಮಾರ್ಚ್‌ಗಿಂತ 1500% ಏರಿಕೆ ಅಂತ ತೋರಿಸುತ್ತೆ, 3 ಲಕ್ಷದಿಂದ 48 ಲಕ್ಷಕ್ಕೆ. 2020ರ ಏಪ್ರಿಲ್ ಲಾಕ್‌ಡೌನ್‌ನಲ್ಲಿ ನಮ್ಮ ಮಾರಾಟ ಸೊನ್ನೆ, ಆದ್ದರಿಂದ ಆ ವರ್ಷದ ಮೇ ಸಾಲಿನಲ್ಲಿ #DIV/0! ಬಂತು. ಅದಕ್ಕೆ ಸೊನ್ನೆ ಅಂತ ತುಂಬಿಸಬೇಡಿ, "ಬದಲಾವಣೆ ಇಲ್ಲ" ಅಂತ ಸುಳ್ಳು ಹೇಳಿದ ಹಾಗಾಗುತ್ತೆ. ಖಾಲಿ ಬಿಡಿ:

```
=IF(B2=0,"",(B3-B2)/B2)
```

ಆದರೆ ನಿಮ್ಮ ಪ್ರಶ್ನೆಯ ಎರಡನೇ ಭಾಗವನ್ನ ನಾನು ಒಪ್ಪಲ್ಲ. ಬಟ್ಟೆ ಅಂಗಡಿಗೆ ಹಿಂದಿನ ತಿಂಗಳ ಜೊತೆ ಹೋಲಿಕೆ ಯಾಕೆ? 2018ರ ದಸರಾ ಅಕ್ಟೋಬರ್ 19ಕ್ಕೆ, ದೀಪಾವಳಿ ನವೆಂಬರ್ 7ಕ್ಕೆ. ಅಕ್ಟೋಬರ್ 6.60, ನವೆಂಬರ್ 5.40. D ಕಾಲಂ ಹೇಳೋದು ನವೆಂಬರ್‌ನಲ್ಲಿ 18.2% ಇಳಿಕೆ ಅಂತ. ಆದರೆ ಆ ನವೆಂಬರ್ ನಮ್ಮ ವರ್ಷದ ಎರಡನೇ ದೊಡ್ಡ ತಿಂಗಳು! ಕೆಂಪು ಮೈನಸ್ ನೋಡಿ ಮಾಲು ಕಡಿಮೆ ಮಾಡಿದರೆ ಮುಂದಿನ ದೀಪಾವಳಿಗೆ ನಮ್ಮ ಮೇ ತಿಂಗಳ ಕಥೆಯೇ ನಿಮಗೂ. ಆ ಮೇ ತಿಂಗಳನ್ನೇ ನೋಡಿ: 5.10ರಿಂದ 3.40ಕ್ಕೆ ಬಿದ್ದದ್ದು 33% ಇಳಿಕೆ. ಮತ್ತೆ 5.10 ಮುಟ್ಟಬೇಕಾದರೆ 33% ಏರಿಕೆ ಸಾಲದು, 50% ಬೇಕು, ಯಾಕಂದ್ರೆ ಈಗ ಭಾಜಕ 3.40. ಪ್ಲಸ್ ಮೈನಸ್‌ಗಳನ್ನ ಒಂದಕ್ಕೊಂದು ವಜಾ ಹಾಕಬೇಡಿ.

ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಹೋದ ವರ್ಷದ ಮಾರಾಟವನ್ನ E ಕಾಲಂನಲ್ಲಿ ಹಾಕಿಕೊಂಡು F2ರಲ್ಲಿ =(B2-E2)/E2, ಅಷ್ಟೇ. ಇಲ್ಲೂ ಒಂದು ಕಡೆ ಎಡವುತ್ತೀರಿ. 2019ರಲ್ಲಿ ದೀಪಾವಳಿ ಅಕ್ಟೋಬರ್ 27ಕ್ಕೇ ಬಂತು. ನಮ್ಮ ಅಕ್ಟೋಬರ್ 7.90ಕ್ಕೆ ಏರಿತು, ನವೆಂಬರ್ 3.80ಕ್ಕೆ ಇಳಿಯಿತು. ಬೇರೆ ಬೇರೆ ನೋಡಿದರೆ ಒಂದು 19.7% ಏರಿಕೆ, ಇನ್ನೊಂದು 29.6% ಇಳಿಕೆ. ಎರಡೂ ತಿಂಗಳು ಕೂಡಿಸಿದರೆ 12 ಲಕ್ಷದಿಂದ 11.70ಕ್ಕೆ, ಅಂದರೆ 2.5% ಇಳಿಕೆ ಅಷ್ಟೇ. ಹಬ್ಬ ಜಾಗ ಬದಲಿಸಿದೆ, ಗಿರಾಕಿ ಎಲ್ಲೂ ಹೋಗಿಲ್ಲ. ಏಪ್ರಿಲ್ 2ನೇ ಸಾಲಿನಲ್ಲಿದ್ದರೆ ಅಕ್ಟೋಬರ್ ನವೆಂಬರ್ 8 ಮತ್ತು 9:

```
=SUM(B8:B9)/SUM(E8:E9)-1
```

ಇದನ್ನ ಯಾವ ಸಾಲಿಗೂ ಎಳೆಯೋದಿಲ್ಲ, ಆದ್ದರಿಂದ ಡಾಲರ್ ಗೊಡವೆ ಇಲ್ಲ. ಹೊಸ ವರ್ಷದ ಪಂಚಾಂಗ ಬಂದ ತಕ್ಷಣ ಯುಗಾದಿ, ಗಣೇಶ, ದಸರಾ, ದೀಪಾವಳಿ ಯಾವ ತಿಂಗಳಿಗೆ ಬಿದ್ದಿವೆ ಅಂತ ಪಕ್ಕದ ಕಾಲಂನಲ್ಲಿ ಬರೆದಿಡಿ. ಆ ಕಾಲಂ ಈಗ ನಮ್ಮ ಶೀಟ್‌ನಲ್ಲಿ ಮಾವನದ್ದು, ಅವರೇ ಹೇಳ್ತಾರೆ, ನಾನು ಟೈಪ್ ಮಾಡ್ತೀನಿ.